ಅಡುಗೆಮನೆಯ ಗೋಡೆಗೆ ಒಂದು ಕಿಂಡಿ

ಬದಿಯಡ್ಕದ ಸಮೀಪದ ಒಂದು ಬಾಡಿಗೆ ಮನೆಯಲ್ಲಿ ಕನ್ನಡ ಮಾಧ್ಯಮ ಶಾಲೆಯ ಅಧ್ಯಾಪಕರೊಬ್ಬರ ಕುಟುಂಬ ವಾಸವಾಗಿದೆ. ಮನೆಯ ಆಗ್ನೇಯ ಮೂಲೆಯಲ್ಲಿ ಅಡುಗೆಮನೆ. ಅದಕ್ಕೆ ಇರುವುದು ಒಂದೇ ಕಿಟಕಿ. ಮಳೆಗಾಲದಲ್ಲಿ ಅದನ್ನೂ ಹೆಚ್ಚು ಹೊತ್ತು ತೆರೆದಿಡಲಾಗದು. ಒಗ್ಗರಣೆಯ ಘಾಟು, ಹಪ್ಪಳ ಕರಿದ ಎಣ್ಣೆಯ ಹೊಗೆ ಒಳಗೇ ಸುತ್ತಾಡಿ ಮನೆಯ ಅಜ್ಜಿಗೆ ಕೆಮ್ಮು ಬಿಡುತ್ತಿರಲಿಲ್ಲ. ಆದುದರಿಂದ ಕಳೆದ ವರ್ಷದ ಮೇ ತಿಂಗಳ ಕೊನೆಯಲ್ಲಿ ಅವಸರ ಅವಸರವಾಗಿ ದಕ್ಷಿಣದ ಗೋಡೆಯನ್ನು ಒಡೆಸಿ ಎಕ್ಸಾಸ್ಟ್ ಫ್ಯಾನ್ ಒಂದನ್ನು ಕೂರಿಸಿದರು.

ಜೂನ್ ತಿಂಗಳ ಮಳೆ ಹಿಡಿದ ಮೇಲೆ ಫ್ಯಾನಿನ ಕೆಳಗೆ ಅಂಗೈಯಗಲದ ಒಂದು ಕಲೆ ಕಾಣಿಸಿಕೊಂಡಿತು. ಎರಡು ವಾರಗಳಲ್ಲಿ ಅದು ಗೋಡೆಯ ಉದ್ದಕ್ಕೂ ಇಳಿದು ಸ್ವಿಚ್ ಬೋರ್ಡನ್ನು ಮುಟ್ಟಿತು. ಒಂದು ಬೆಳಿಗ್ಗೆ ಮಿಕ್ಸಿಯ ಸ್ವಿಚ್ ಒತ್ತಲು ಹೋದ ಮನೆಯೊಡತಿಯ ಬೆರಳು ಬೋರ್ಡಿನ ತಿರುಪಿಗೆ ತಗಲಿ ಕೈ ಜುಮ್ಮೆಂದಿತು. ಅಂದೇ ಫ್ಯಾನಿನ ಸಂಪರ್ಕ ಕಡಿದು ಕಿಂಡಿಗೆ ಪ್ಲಾಸ್ಟಿಕ್ ಚೀಲ ತುರುಕಿದರು. ಹೊಗೆಯೂ ಹೋಗಲಿಲ್ಲ, ನೀರೂ ನಿಲ್ಲಲಿಲ್ಲ. ಮನೆಯ ಯಜಮಾನರು ಗೋಡೆ ಕೆಡಿಸಿದ್ದೀರೆಂದು ಅಸಮಾಧಾನಗೊಂಡದ್ದು ಬೇರೆ.

ಈ ವರ್ಷ ಏಪ್ರಿಲ್ ರಜೆಯಲ್ಲಿ ಅಧ್ಯಾಪಕರು ಅನುಭವಸ್ಥ ಮೇಸ್ತ್ರಿಯೊಬ್ಬರನ್ನು ಕರೆಸಿದರು. ಆತ ಬಂದವರೇ ಕಲೆಯನ್ನು ನೋಡಿದರು, ಫ್ಯಾನನ್ನು ನೋಡಲೇ ಇಲ್ಲ. "ಮಾಷ್ಟ್ರೇ, ಕಲೆ ಚೌಕಟ್ಟಿನ ಕೆಳಗಿನ ಅಂಚಿನ ನಡುವಿನಿಂದ ಶುರುವಾಗಿದೆ. ರೆಕ್ಕೆಯ ಸಂದಿನಿಂದ ಎರಚಲು ಬಂದಿದ್ದರೆ ಒಲೆಯ ಕಟ್ಟೆಯ ಮೇಲೆ ಹನಿ ಬೀಳಬೇಕಿತ್ತು. ಮೇಲಿನಿಂದ ಇಳಿದಿದ್ದರೆ ಮೇಲಿನ ಎರಡು ಮೂಲೆಗಳು ಮೊದಲು ಕಪ್ಪಾಗಬೇಕಿತ್ತು. ಇದು ಕಿಂಡಿಯ ತಳದಲ್ಲಿ ನಿಂತ ನೀರು," ಎಂದರು. ಚೌಕಟ್ಟನ್ನು ಬಿಚ್ಚಿ ತಳದ ಮೇಲೆ ರಸಮಟ್ಟವನ್ನು ಇಟ್ಟಾಗ ಗುಳ್ಳೆ ಹೊರಗಿನ ಕಡೆಗೆ ಸರಿಯಿತು. ಅರ್ಥಾತ್ ತಳದ ಹೊರ ಅಂಚು ಎತ್ತರ, ಒಳ ಅಂಚು ತಗ್ಗು. ನೀರಿಗೆ ಅಡುಗೆಮನೆಯೊಳಗೆ ಬರಲು ಯಾರೋ ದಾರಿ ಮಾಡಿಕೊಟ್ಟಂತೆಯೇ ಇತ್ತು.

ತಪ್ಪು ಅದೊಂದೇ ಆಗಿರಲಿಲ್ಲ. ಹಿಂದೆ ಕೆಲಸ ಮಾಡಿದವರು ಹೊರಗಿನಿಂದ ಚೌಕಟ್ಟಿನ ನಾಲ್ಕೂ ಬದಿಗೆ ಸಿಲಿಕೋನ್ ಅಂಟನ್ನು ತೆಳ್ಳಗೆ ಬಳಿದಿದ್ದರು. ಇನ್ನೂ ಹಸಿಯಾಗಿದ್ದ, ಧೂಳು ಒರೆಸದ ಗಾರೆಯ ಮೇಲೆ ಬಳಿದ ಆ ಅಂಟು ಉಗುರಿನಿಂದ ಎಳೆದರೆ ನಾಡಪಟ್ಟಿಯಂತೆ ಉದ್ದಕ್ಕೆ ಕಿತ್ತುಬಂತು. ಮೇಲಿನ ಅಂಚಿನಲ್ಲಿ ಅದು ಗೋಡೆಯನ್ನು ಬಿಟ್ಟಿದ್ದುದರಿಂದ ನೀರು ಒಳಹೊಕ್ಕಿತ್ತು. ಕೆಳಗಿನ ಅಂಚಿನಲ್ಲಿ ಮಾತ್ರ ಚೆನ್ನಾಗಿ ಹಿಡಿದುಕೊಂಡಿದ್ದುದರಿಂದ ಹೊಕ್ಕ ನೀರಿಗೆ ಹೊರಬರಲು ದಾರಿ ಇರಲಿಲ್ಲ. ಮಳೆಯನ್ನು ತಡೆಯಲೆಂದು ಹಚ್ಚಿದ ಅಂಟೇ ಮಳೆನೀರನ್ನು ಹಿಡಿದಿಟ್ಟಿತ್ತು.

ಕಾಸರಗೋಡಿನಲ್ಲಿ ಈ ತಪ್ಪು ಬೇಗ ಬಯಲಾಗುತ್ತದೆ. ಇಲ್ಲಿ ವರ್ಷಕ್ಕೆ ಸುಮಾರು 3500 ಮಿ.ಮೀ. ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಅದೂ ನೇರವಾಗಿ ಬೀಳುವ ಮಳೆಯಲ್ಲ. ಪಡುವಣ ಕಡಲಿನ ಗಾಳಿಯೊಂದಿಗೆ ಓರೆಯಾಗಿ ಬಂದು ಪಶ್ಚಿಮ ಮತ್ತು ದಕ್ಷಿಣದ ಗೋಡೆಗಳಿಗೆ ಬಡಿಯುವಂಥದು. ಆ ಗೋಡೆಗಳಲ್ಲಿ ಫ್ಯಾನ್ ಇಟ್ಟರೆ ಎರಡು ತೊಂದರೆ: ಎರಚಲು ನೇರವಾಗಿ ಹೊಡೆಯುತ್ತದೆ, ಫ್ಯಾನ್ ಹೊರದೂಡುವ ಗಾಳಿಯನ್ನು ಎದುರುಗಾಳಿ ಹಿಂದಕ್ಕೆ ತಳ್ಳುತ್ತದೆ. ಆದುದರಿಂದ ಹಳೆಯ ಕಿಂಡಿಯನ್ನು ಇಟ್ಟಿಗೆಯಿಂದ ಕಟ್ಟಿ ಮುಚ್ಚಿ, ಪೂರ್ವದ ಗೋಡೆಯಲ್ಲಿ ಹೊಸದನ್ನು ತೆರೆಯುವುದೆಂದು ತೀರ್ಮಾನವಾಯಿತು. ಪೂರ್ವಕ್ಕೂ ಮಳೆಯಿಲ್ಲವೆಂದಲ್ಲ. ತುಲಾಮಾಸದ ಸಂಜೆಗಳಲ್ಲಿ ಗುಡುಗಿನೊಂದಿಗೆ ಆ ಕಡೆಯಿಂದಲೂ ಮಳೆ ಬರುತ್ತದೆ. ಆದರೆ ಅದು ಬಂದು ಹೋಗುವ ಮಳೆ, ದಿನಗಟ್ಟಲೆ ಗೋಡೆಯನ್ನು ನೆನೆಸುವುದಿಲ್ಲ.

ಕೆಲಸ ಆರಂಭಿಸುವ ಮೊದಲು ಈ ಬಾರಿ ಒಂದು ಕಾಗದವೂ ಆಯಿತು. ಹಿಂದಿನ ಸಲ ಯಜಮಾನರು ಫೋನಿನಲ್ಲಿ "ಆಗಲಿ" ಎಂದಿದ್ದರು. ಗೋಡೆ ಕೆಟ್ಟ ಮೇಲೆ ಆ ಮಾತು ಇಬ್ಬರ ನೆನಪಿನಲ್ಲೂ ಬೇರೆಬೇರೆಯಾಗಿತ್ತು. 1882ರ ಆಸ್ತಿ ವರ್ಗಾವಣೆ ಕಾಯಿದೆಯ 108ನೆಯ ಕಲಮು ಗೇಣಿದಾರನು ಕಟ್ಟಡಕ್ಕೆ ಹಾನಿ ಮಾಡಬಾರದೆನ್ನುತ್ತದೆ. ಕೇರಳದ 1965ರ ಬಾಡಿಗೆ ನಿಯಂತ್ರಣ ಕಾಯಿದೆಯ 11ನೆಯ ಕಲಮಿನ ಪ್ರಕಾರ, ಕಟ್ಟಡದ ಮೌಲ್ಯ ಅಥವಾ ಉಪಯುಕ್ತತೆ ಗಣನೀಯವಾಗಿಯೂ ಶಾಶ್ವತವಾಗಿಯೂ ಕುಂದುವಂತೆ ಬಾಡಿಗೆದಾರನು ಅದನ್ನು ಬಳಸಿದರೆ ಅದು ತೆರವಿಗೆ ಒಂದು ಕಾರಣವಾಗಬಲ್ಲದು. ಒಂದಡಿಯ ಕಿಂಡಿ ಅಷ್ಟು ದೊಡ್ಡ ಹಾನಿಯಲ್ಲ ಎಂದು ವಾದಿಸಬಹುದು. ನೀರಿಳಿದು ಗಾರೆ ಉದುರಿದ ಗೋಡೆಯ ಮುಂದೆ ನಿಂತು ವಾದಿಸುವುದಕ್ಕಿಂತ ಯಾವ ಗೋಡೆ, ಎಷ್ಟು ಅಳತೆ, ಯಾರ ಖರ್ಚು, ಮನೆ ಬಿಡುವಾಗ ಮುಚ್ಚಬೇಕೇ ಬೇಡವೇ ಎಂದು ನಾಲ್ಕು ಸಾಲು ಬರೆದು ಇಬ್ಬರೂ ಸಹಿ ಮಾಡುವುದು ಸುಲಭ. ನೆರೆಮನೆಯ ಕಿಟಕಿಯೆದುರಿಗೆ ಹೊಗೆ ಬಿಡುವ ಕಿಂಡಿಯಾದರೆ ನೆರೆಯವರೊಂದಿಗೂ ಮಾತಾಡುವುದು ಲೇಸು. ಈ ಮನೆಯ ಪೂರ್ವಕ್ಕೆ ಅಡಿಕೆ ತೋಟವಿದ್ದುದರಿಂದ ಆ ಪ್ರಶ್ನೆ ಏಳಲಿಲ್ಲ.

ಈ ಜಿಲ್ಲೆಯ ಬಹುಪಾಲು ಮನೆಗಳು ಕೆಂಪುಕಲ್ಲಿನವು. ಅಲ್ಲಿ ಕಲ್ಲು ದೊಡ್ಡದು. ಕೆಲವೊಮ್ಮೆ ಒಂದು ಕಲ್ಲು ಬಿಚ್ಚಿದರೆ ಅರ್ಧ ಕಿಂಡಿಯಾಗುತ್ತದೆ. ಇದು ಇಟ್ಟಿಗೆಯ ಮನೆ, ಒಂಬತ್ತು ಇಂಚಿನ ಗೋಡೆ. ಇಟ್ಟಿಗೆ ಗೋಡೆಯ ಗುಣವೇ ಬೇರೆ: ಇಟ್ಟಿಗೆಗಳು ಒಂದನ್ನೊಂದು ಕಚ್ಚಿಕೊಂಡು ನಿಂತಿರುತ್ತವೆ. ನಡುವೆ ಒಂದು ತೂತಾದರೆ ಅದರ ಮೇಲೆ ತ್ರಿಕೋನಾಕಾರದಲ್ಲಿ ಇರುವ ಇಟ್ಟಿಗೆಗಳು ಆಧಾರ ಕಳೆದುಕೊಳ್ಳುತ್ತವೆ; ಉಳಿದ ಭಾರ ಎರಡೂ ಪಕ್ಕಗಳಿಗೆ ಹಂಚಿಹೋಗುತ್ತದೆ. ಆ ತ್ರಿಕೋನವನ್ನು ಹೊರುವುದಕ್ಕೆ ಏನಾದರೂ ಇರಬೇಕು. ಕಳೆದ ವರ್ಷ ಏನೂ ಇರಲಿಲ್ಲ; ಮೇಲಿನ ಎರಡು ಇಟ್ಟಿಗೆ ಸಡಿಲಾಗಿ, ನೀರು ಹೊಕ್ಕ ಬಿರುಕು ಹುಟ್ಟಿದ್ದೇ ಅಲ್ಲಿ.

ಫ್ಯಾನ್ ಕೈಗೆ ಬಂದ ಮೇಲೆಯೇ ಅಳತೆ ಹಾಕಬೇಕು. ಅಂಗಡಿಯಲ್ಲಿ ಎಂಟು ಇಂಚು, ಒಂಬತ್ತು ಇಂಚು ಎಂದು ಹೇಳುವುದು ರೆಕ್ಕೆ ತಿರುಗುವ ವ್ಯಾಸವನ್ನು, ಕಿಂಡಿಯ ಅಳತೆಯನ್ನಲ್ಲ. ಕಿಂಡಿಯ ಅಳತೆ ಪೆಟ್ಟಿಗೆಯೊಳಗಿನ ಚೀಟಿಯಲ್ಲಿರುತ್ತದೆ, ಕಂಪೆನಿಯಿಂದ ಕಂಪೆನಿಗೆ ಬದಲಾಗುತ್ತದೆ. ಈ ಫ್ಯಾನಿಗೆ ಚೀಟಿ ಕೇಳಿದ್ದು 250 ಮಿ.ಮೀ. ಚೌಕದ ಜಾಗ. ಅದರ ಸುತ್ತ 20 ಮಿ.ಮೀ. ದಪ್ಪದ ಹೆಬ್ಬಲಸಿನ ಮರದ ಚೌಕಟ್ಟು ಎಂದಾಗ 290. ಮರಕ್ಕೂ ಗೋಡೆಗೂ ನಡುವೆ ಅಂಟು ತುಂಬಲು ಎಲ್ಲ ಕಡೆ 10 ಮಿ.ಮೀ. ಬಿಟ್ಟರೆ 310. ಹೆಚ್ಚಿನವರು ಲೆಕ್ಕವನ್ನು ಇಲ್ಲಿಗೆ ನಿಲ್ಲಿಸಿ, ಕಿಂಡಿಯ ಒಳಮೈಗೆ ಬಳಿಯುವ ಗಾರೆಯನ್ನು ಮರೆಯುತ್ತಾರೆ. ಪಕ್ಕಗಳಿಗೆ ತಲಾ 12 ಮಿ.ಮೀ. ಗಾರೆ ಬೇಕು, ತಳದಲ್ಲಿ ಇಳಿಜಾರು ಕೊಡಲು ಸುಮಾರು 40 ಮಿ.ಮೀ. ಬೇಕು. ಹೀಗೆ ಇಟ್ಟಿಗೆಯಲ್ಲಿ ಕೊರೆಯಬೇಕಾದ ಕಿಂಡಿ 335 ಮಿ.ಮೀ. ಅಗಲ, 360 ಮಿ.ಮೀ. ಎತ್ತರವಾಯಿತು. ಕಳೆದ ಸಲ ಈ ಲೆಕ್ಕ ತಪ್ಪಿದ್ದುದರಿಂದಲೇ ಇಳಿಜಾರಿಗೆ ಜಾಗ ಸಾಲದೆ ಚೌಕಟ್ಟನ್ನು ತಳದ ಇಟ್ಟಿಗೆಯ ಮೇಲೆಯೇ ಬಡಿದು ಕೂರಿಸಿದ್ದರು.

ಸ್ಥಳ ಒಲೆಯ ಕಡೆಗೆ, ಆದರೆ ಜ್ವಾಲೆಯ ನೇರ ಮೇಲಲ್ಲ. ಗಾಳಿ ಒಳಬರುವ ಬಾಗಿಲಿಗೆ ಎದುರು. ಕಿಟಕಿ ಫ್ಯಾನಿನ ಪಕ್ಕದಲ್ಲೇ ಇದ್ದರೆ ಫ್ಯಾನ್ ಆ ಕಿಟಕಿಯ ಗಾಳಿಯನ್ನೇ ಎಳೆದು ಹೊರಹಾಕುತ್ತದೆ, ಒಲೆಯ ಹೊಗೆ ಇದ್ದಲ್ಲೇ ಇರುತ್ತದೆ. ಎತ್ತರದ ವಿಷಯದಲ್ಲಿ ಇಲ್ಲಿಯ ಮನೆಗಳಲ್ಲಿ ಒಂದು ಎಚ್ಚರಿಕೆ ಬೇಕು. ನೆಲದಿಂದ ಏಳಡಿಯ ಹತ್ತಿರ ಕಿಟಕಿ, ಬಾಗಿಲುಗಳ ಮೇಲೆ ಕಾಂಕ್ರೀಟಿನ ಲಿಂಟಲ್ ಪಟ್ಟಿ ಎಷ್ಟೋ ಮನೆಗಳಲ್ಲಿ ಗೋಡೆಯುದ್ದಕ್ಕೂ ಹಾದುಹೋಗಿರುತ್ತದೆ. ಅದರ ಕಬ್ಬಿಣವನ್ನು ಕಡಿಯಲೇಬಾರದು. ಈ ಮನೆಯಲ್ಲಿ ತಾರಸಿ ಹತ್ತಡಿ ಎತ್ತರದಲ್ಲಿದ್ದುದರಿಂದ ಕಿಂಡಿಯ ತಳ ಸುಮಾರು ಎಂಟಡಿಗೆ, ಪಟ್ಟಿಗಿಂತ ಅರ್ಧ ಅಡಿ ಮೇಲಕ್ಕೆ ಬಂತು. ಕಿಟಕಿಯ ಸನ್‌ಶೇಡ್ ಮೂರಡಿ ಪಕ್ಕಕ್ಕಿತ್ತು. ಅದರ ನೇರ ಮೇಲೆ ಕಿಂಡಿಯಿಟ್ಟರೆ ಶೇಡಿನ ಮೇಲೆ ಬಿದ್ದ ಹನಿ ಮೇಲಕ್ಕೆ ಸಿಡಿದು ಕಿಂಡಿಯ ತಳವನ್ನು ನೆನೆಸುತ್ತಿತ್ತು. ಸ್ವಿಚ್ ಬೋರ್ಡುಗಳ ನೇರ ಮೇಲೂ ಕೆಳಗೂ ವಯರು ಹೋಗಿರುವ ಸಂಭವ ಹೆಚ್ಚು. ಅಲ್ಲಿಂದ ದೂರ ಸರಿದರೂ ಮೇಸ್ತ್ರಿ ಮುಖ್ಯ ಸ್ವಿಚ್ ಆರಿಸದೆ ಉಳಿ ಹಿಡಿಯಲಿಲ್ಲ. ಗ್ರೈಂಡರಿಗೆ ಹೊರಗಿನಿಂದ ಬೇರೆ ಸಂಪರ್ಕ ತಂದರು.

ಮೊದಲು ಅಂಗೈಯಷ್ಟು ಗಾರೆ ಕೆರೆದು ಇಟ್ಟಿಗೆಯ ಜೋಡಣೆಯನ್ನು ನೋಡಿದರು. ಒಂಬತ್ತು ಇಂಚಿನ ಗೋಡೆಯಲ್ಲಿ ಒಂದು ವರಸೆಯ ಇಟ್ಟಿಗೆ ಉದ್ದಕ್ಕೆ ಮಲಗಿದ್ದರೆ ಮುಂದಿನ ವರಸೆಯಲ್ಲಿ ಅಡ್ಡಕ್ಕೆ, ಗೋಡೆಯ ದಪ್ಪವನ್ನೆಲ್ಲ ದಾಟುವಂತೆ ಇರುತ್ತದೆ. ಉದ್ದಕ್ಕೆ ಮಲಗಿದ ವರಸೆಯಲ್ಲಿ ಒಳಗಿನ ಇಟ್ಟಿಗೆ ಬೇರೆ, ಹೊರಗಿನದು ಬೇರೆ. ಒಂದನ್ನು ತೆಗೆದರೂ ಇನ್ನೊಂದು ಭಾರ ಹೊತ್ತು ನಿಲ್ಲುತ್ತದೆ. ಆಧಾರದ ತೊಲೆ ಕೂರಿಸಲು ಆ ವರಸೆಯೇ ಅನುಕೂಲ. ಆದ್ದರಿಂದ ಕಿಂಡಿಯ ಎತ್ತರವನ್ನು ಮನಸ್ಸಿಗೆ ಬಂದಂತೆ ಗುರುತಿಸದೆ, ಉದ್ದ ವರಸೆಯೊಂದು ಕಿಂಡಿಯ ನೆತ್ತಿಯ ಮೇಲೆ ಬರುವಂತೆ ಒಂದೆರಡು ಇಂಚು ಸರಿಸಿದರು. ಇಲ್ಲಿ ಒಂದು ವರಸೆ ಸಂದು ಸೇರಿ 90 ಮಿ.ಮೀ. ಇತ್ತು. ನಾಲ್ಕು ವರಸೆಗೆ 360. ಕಿಂಡಿಯ ಎತ್ತರ ಸರಿಯಾಗಿ ಹೊಂದಿತು. ಐದನೆಯ ವರಸೆ ತೊಲೆಗೆ.

ತೊಲೆಗಳನ್ನು ವಾರದ ಹಿಂದೆಯೇ ಅಂಗಳದಲ್ಲಿ ಎರಕ ಹೊಯ್ದು ನೀರುಣಿಸಿ ಇಟ್ಟಿದ್ದರು. ಒಂದೇ ದಪ್ಪ ತೊಲೆಯಲ್ಲ, ಎರಡು: ಒಂದೊಂದೂ 640 ಮಿ.ಮೀ. ಉದ್ದ, 110 ಮಿ.ಮೀ. ಅಗಲ, 75 ಮಿ.ಮೀ. ಎತ್ತರ, ಒಳಗೆ ಎಂಟು ಮಿಲಿಯ ಎರಡು ಕಂಬಿಗಳು. ಕಂಬಿ ಇರುವ ಮೈ ಕೆಳಗೆ ಬರಬೇಕು. ಮರೆಯದಿರಲೆಂದು ಮೇಲಿನ ಮೈಗೆ ಎರಕ ಹಸಿಯಾಗಿದ್ದಾಗಲೇ ಗೀರು ಹಾಕಿದ್ದರು. ಕಿಂಡಿಯ ಅಗಲ 335 ಕಳೆದರೆ ಎರಡೂ ಬದಿ ತಲಾ ಆರು ಇಂಚು ಗೋಡೆಯ ಮೇಲೆ ಕೂರುತ್ತದೆ. ಒಂದೊಂದರ ತೂಕ ಸುಮಾರು 13 ಕೆ.ಜಿ.; ಅಟ್ಟಣೆಯ ಮೇಲೆ ನಿಂತ ಇಬ್ಬರಿಗೆ ಕಷ್ಟವಲ್ಲ. ಅಟ್ಟಣೆ ಬೇಕೇ ಬೇಕು. ಏಣಿಯ ಮೇಲೆ ಒಂದು ಕೈಯಲ್ಲಿ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಗ್ರೈಂಡರ್ ಓಡಿಸಿ ಅಪಾಯ ತಂದುಕೊಂಡವರು ಪ್ರತಿ ಊರಿನಲ್ಲೂ ಇದ್ದಾರೆ.

ಒಳಗಿನಿಂದ ಐದನೆಯ ವರಸೆಯ ಸಂದುಗಳನ್ನು ಕೊರೆದು, ತೊಲೆಯ ಉದ್ದಕ್ಕೆ ಬೇಕಾದಷ್ಟು ಇಟ್ಟಿಗೆಗಳನ್ನು ಬಿಡಿಸಿ, ಧೂಳು ತೊಳೆದು, ಗಾರೆಯ ಹಾಸಿನ ಮೇಲೆ ಮೊದಲ ತೊಲೆಯನ್ನು ತಳ್ಳಿದರು. ಅದರ ನೆತ್ತಿಗೂ ಮೇಲಿನ ಇಟ್ಟಿಗೆಗೂ ನಡುವೆ ಉಳಿದ ಸಂದಿಗೆ ಒಂದಕ್ಕೆ ಮೂರರ ಗಟ್ಟಿ ಗಾರೆಯನ್ನು ಹೆಂಚಿನ ಚೂರುಗಳೊಂದಿಗೆ ಬಡಿದು ತುಂಬಿದರು. ಮುಷ್ಟಿಯಲ್ಲಿ ಹಿಚುಕಿದರೆ ಉಂಡೆಯಾಗಬೇಕು, ನೀರು ಒಸರಬಾರದು; ಅಂಥ ಗಾರೆ. ತೆಳ್ಳಗಿನ ಗಾರೆ ಒಣಗಿ ಕುಗ್ಗಿದರೆ ಮೇಲಿನ ಇಟ್ಟಿಗೆ ತೊಲೆಯನ್ನು ಮುಟ್ಟುವುದೇ ಇಲ್ಲ, ತೊಲೆಯಿದ್ದೂ ಇಲ್ಲದಂತೆ. ಮೂರು ದಿನ ಬಿಟ್ಟು ಹೊರಗಿನಿಂದ ಎರಡನೆಯ ತೊಲೆ. ಅನಂತರ ಒಂದು ವಾರ ಯಾರೂ ಗೋಡೆಯನ್ನು ಮುಟ್ಟಲಿಲ್ಲ. ಮನೆಯೊಡತಿಗೆ ಈ ವಿಳಂಬ ಬೇಸರ ತಂದಿತು. "ಒಂದು ತೂತಿಗೆ ಹದಿನೈದು ದಿನವೇ, ಮೇಸ್ತ್ರಿಗಳೇ?" ಎಂದು ಕೇಳಿದರು. "ತೂತಿಗೆ ಅರ್ಧ ದಿನ ಸಾಕು ಅಕ್ಕಾ, ಉಳಿದದ್ದು ಗಾರೆ ಗಟ್ಟಿಯಾಗುವುದಕ್ಕೆ" ಎಂದು ಉತ್ತರ ಬಂತು.

ತೂತಿಗೆ ನಿಜಕ್ಕೂ ಅರ್ಧ ದಿನವೇ ಹಿಡಿಯಿತು. ಗ್ಯಾಸಿನ ರೆಗ್ಯುಲೇಟರ್ ಮುಚ್ಚಿ, ಸಿಲಿಂಡರನ್ನು ಹೊರಗಿಟ್ಟು, ಪಾತ್ರೆಗಳನ್ನೆಲ್ಲ ಸಾಗಿಸಿದರು. ಕಿಂಡಿಯ ನಾಲ್ಕು ಮೂಲೆಗಳಲ್ಲಿ ಒಳಗಿನಿಂದ ಉದ್ದ ಡ್ರಿಲ್ಲಿನಿಂದ ಹೊರಗೆ ತೂರುವಂತೆ ತೂತು ಕೊರೆದದ್ದರಿಂದ ಹೊರಗೋಡೆಯ ಮೇಲೆ ಅದೇ ಚೌಕ ಮೂಡಿತು. ಆ ಗೆರೆಗಳ ಮೇಲೆ ಎರಡೂ ಬದಿಯ ಗಾರೆಯನ್ನು ಗ್ರೈಂಡರಿನಿಂದ ಸೀಳಿದರು. ಇಲ್ಲವಾದರೆ ಸುತ್ತಿಗೆಯ ಪೆಟ್ಟಿಗೆ ಚೌಕದ ಆಚೆಯ ಗಾರೆಯೂ ಚಕ್ಕೆಚಕ್ಕೆಯಾಗಿ ಏಳುತ್ತದೆ. ಕೆಂಧೂಳಿ ಎದ್ದು ಯಾರ ಮುಖವೂ ಗುರುತು ಸಿಗದಂತಾಯಿತು. ಕಣ್ಣಿಗೆ ಕನ್ನಡಕ, ಮೂಗಿಗೆ ಮುಖವಾಡ ಇಲ್ಲದವರು ಆ ಕೋಣೆಯೊಳಗೆ ಇರಬಾರದು; ಅಜ್ಜಿಯನ್ನೂ ಮಕ್ಕಳನ್ನೂ ಆ ದಿನ ಸಂಬಂಧಿಕರ ಮನೆಗೆ ಕಳುಹಿಸಿದ್ದರು. ಮೊದಲ ಇಟ್ಟಿಗೆ ಚೌಕದ ನಡುವಿನದು. ಅದರ ಸುತ್ತಲಿನ ಸಂದನ್ನು ಉಳಿಯಿಂದ ಬಿಡಿಸಿ ಇಟ್ಟಿಗೆಯನ್ನು ಎಳೆದ ಮೇಲೆ ಉಳಿದವು ಒಂದೊಂದಾಗಿ ಸಡಿಲಾದವು. ಅರ್ಧ ದಪ್ಪ ಒಳಗಿನಿಂದ, ಅರ್ಧ ಹೊರಗಿನಿಂದ ಕೆಲಸ ಸಾಗಿತು. ಒಂದೇ ಕಡೆಯಿಂದ ಬಡಿದರೆ ಕೊನೆಯ ಇಟ್ಟಿಗೆ ಆಚೆಯ ಗಾರೆಯನ್ನು ಹೊತ್ತುಕೊಂಡೇ ಬೀಳುತ್ತದೆ. ಅಂಚಿನಲ್ಲಿ ಅಡ್ಡ ಇಟ್ಟಿಗೆ ಸಿಕ್ಕಲ್ಲಿ ಅದನ್ನು ಪೂರ್ತಿ ಎಳೆಯದೆ ಗೆರೆಗೆ ಸರಿಯಾಗಿ ಗ್ರೈಂಡರಿನಿಂದ ಕೊಯ್ದರು.

ಇನ್ನು ಮಳೆಯ ಮಾತು. ಮೇಸ್ತ್ರಿಯ ಎಣಿಕೆಯಲ್ಲಿ ನೀರನ್ನು ತಡೆಯುವ ಕೆಲಸದಲ್ಲಿ ಅಂಟಿನದು ಕೊನೆಯ ಸ್ಥಾನ, ಮೊದಲನೆಯದು ಇಳಿಜಾರು. ಕಿಂಡಿಯ ತಳಕ್ಕೆ ಒಂದಕ್ಕೆ ನಾಲ್ಕರ ಗಾರೆಯಿಂದ ಹಾಸು ಹಾಕಿದರು. ಒಳ ಅಂಚಿಗಿಂತ ಹೊರ ಅಂಚು ಸುಮಾರು ಅರ್ಧ ಇಂಚು ತಗ್ಗು. ಹಾಸು ಗೋಡೆಯ ಮಟ್ಟಕ್ಕೆ ನಿಲ್ಲಲಿಲ್ಲ. ಒಂದೂವರೆ ಇಂಚು ಹೊರಚಾಚಿತು. ಆ ಚಾಚಿನ ಅಡಿಮೈಯಲ್ಲಿ, ಅಂಚಿನಿಂದ ಸ್ವಲ್ಪ ಒಳಗೆ, ಕಿರುಬೆರಳು ಇಳಿಯುವಷ್ಟು ಒಂದು ಗಾಡಿಯನ್ನು ಉದ್ದಕ್ಕೂ ಎಳೆದರು. ನೀರಿಗೆ ಅಡಿಮೈಯನ್ನು ಅಂಟಿಕೊಂಡು ಹಿಂದಕ್ಕೆ ಗೋಡೆಯತ್ತ ಹರಿಯುವ ಅಭ್ಯಾಸವಿದೆ. ಗಾಡಿ ಬಂದಲ್ಲಿ ಅದು ದಾಟಲಾರದೆ ಹನಿಯಾಗಿ ಕೆಳಗೆ ಬೀಳುತ್ತದೆ. ಕಿಂಡಿಯ ಪಕ್ಕಗಳಿಗೂ ನೆತ್ತಿಗೂ ಗಾರೆ ಬಳಿದು ಏಳು ದಿನ ನೀರುಣಿಸಿ, ಬಳಿಕ ಚೆನ್ನಾಗಿ ಒಣಗಲು ಬಿಟ್ಟರು.

ಮರದ ಚೌಕಟ್ಟಿಗೆ, ವಿಶೇಷವಾಗಿ ಗರಗಸ ಆಡಿದ ಅದರ ತುದಿಗಳಿಗೆ, ಕೂರಿಸುವ ಮೊದಲೇ ಪ್ರೈಮರ್ ಮತ್ತು ಎರಡು ಕೈ ಬಣ್ಣ ಆಗಿತ್ತು. ಕೂರಿಸಿದ ಮೇಲೆ ಬಣ್ಣ ಹಚ್ಚಿದರೆ ಗೋಡೆಯ ಕಡೆಯ ಮೈ ಬರಿಯದಾಗಿ ಉಳಿದು ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಈ ಎಳೆದಾಟದಲ್ಲಿ ಅಂಟು ಹರಿಯುತ್ತದೆ. ಚೌಕಟ್ಟನ್ನು ಗೋಡೆಯ ಹೊರಮೈಗೆ ಸಮವಾಗಿ ಇಡದೆ ಒಳಮೈಯ ಕಡೆಗೆ ಇಟ್ಟರು. ಸಣ್ಣ ಪ್ಲಾಸ್ಟಿಕ್ ಬಿಲ್ಲೆಗಳ ಮೇಲೆ ನಿಲ್ಲಿಸಿ, ಪಕ್ಕಗಳಲ್ಲಿ ಎರಡೆರಡು ತಿರುಪಿನಿಂದ ಬಿಗಿದರು. ತಳಕ್ಕೆ ತಿರುಪು ಇಲ್ಲ. ಅಲ್ಲಿ ತೂತು ಕೊರೆದರೆ ನೀರಿಗೆ ಇನ್ನೊಂದು ಬಾಗಿಲು.

ಸುತ್ತಲೂ ಉಳಿದ 10 ಮಿ.ಮೀ. ಸಂದಿಗೆ ಮೊದಲು ಫೋಮಿನ ದುಂಡು ಹಗ್ಗವನ್ನು ಒತ್ತಿದರು. ಹಗ್ಗ ಇಲ್ಲದೆ ಅಂಟನ್ನು ತುಂಬಿದರೆ ಅದು ಮರ, ಗಾರೆ, ತಳ ಮೂರನ್ನೂ ಹಿಡಿದುಕೊಂಡು, ಮರ ಅಲುಗಿದಾಗ ಹಿಗ್ಗಲಾರದೆ ಹರಿಯುತ್ತದೆ. ಹಗ್ಗವಿದ್ದರೆ ಎರಡು ಪಕ್ಕಗಳನ್ನು ಮಾತ್ರ ಹಿಡಿದು ರಬ್ಬರಿನಂತೆ ಹಿಗ್ಗಿ ಕುಗ್ಗುತ್ತದೆ. ಅಂಟಿನ ಆಳ ಸಂದಿನ ಅಗಲದ ಅರ್ಧ, ಇಲ್ಲಿ ಐದು ಮಿಲಿಯಷ್ಟು. ಸಿಲಿಕೋನಿನಲ್ಲೂ ಎರಡು ಬಗೆ. ಹಸಿಯಾಗಿದ್ದಾಗ ವಿನೆಗರಿನ ಹುಳಿ ವಾಸನೆ ಬರುವುದು ಗಾಜಿಗೆ ಒಳ್ಳೆಯದು. ಸಿಮೆಂಟಿನ ಕ್ಷಾರದೊಂದಿಗೆ ಅದಕ್ಕೆ ಆಗಿಬರುವುದಿಲ್ಲ. ಗೋಡೆಗೆ ಬೇಕಾದದ್ದು ಕೊಳವೆಯ ಮೇಲೆ ನ್ಯೂಟ್ರಲ್ ಎಂದು ಬರೆದದ್ದು. ಬೆಲೆ ತುಸು ಹೆಚ್ಚು. ಅಂಟು ಹಚ್ಚುವ ದಿನ ಗಾರೆಯ ಮೇಲೆ ಪ್ಲಾಸ್ಟಿಕ್ ಹಾಳೆಯ ತುಂಡನ್ನು ರಾತ್ರಿಯಿಡೀ ಅಂಟಿಸಿಟ್ಟು, ಬೆಳಿಗ್ಗೆ ಅದರ ಒಳಬದಿಯಲ್ಲಿ ಬೆವರು ಕಾಣದಿದ್ದುದನ್ನು ನೋಡಿಕೊಂಡೇ ಮುಂದುವರಿದರು.

ಒಳಗಿನಿಂದ ನಾಲ್ಕೂ ಬದಿಗೆ ಅಂಟು ಎಲ್ಲಿಯೂ ಕಡಿಯದೆ ಸಾಗಿತು. ಹೊರಗಿನಿಂದ ಮೇಲೆ ಮತ್ತು ಪಕ್ಕಗಳಲ್ಲಿ ಪೂರ್ತಿ. ಕೆಳಗಿನ ಸಂದಿನಲ್ಲಿ ಮಾತ್ರ ಎರಡು ಕಡೆ ಬೆರಳಗಲದ ಜಾಗವನ್ನು ಹಗ್ಗವನ್ನೂ ತೆಗೆದು ಖಾಲಿ ಬಿಟ್ಟರು. ಅಧ್ಯಾಪಕರು ಅದನ್ನು ಮರೆವೆಂದು ಭಾವಿಸಿ ತೋರಿಸಿದರು. "ಅಲ್ಲ ಮಾಷ್ಟ್ರೇ, ಅದು ನೀರಿಗೆ. ಎಲ್ಲಿಂದಾದರೂ ಒಂದು ಹನಿ ಒಳಗೆ ಹೊಕ್ಕರೆ ಹೊರಗೆ ಹೋಗಲು ಅದಕ್ಕೂ ದಾರಿ ಬೇಡವೇ?" ಎಂದರು ಮೇಸ್ತ್ರಿ. ಕಳೆದ ವರ್ಷದ ಕಿಂಡಿಯಲ್ಲಿ ಇಲ್ಲದಿದ್ದುದು ಈ ಎರಡು ಬೆರಳಗಲ.

ಹೊರಗೆ ಅಲ್ಯುಮಿನಿಯಂ ತಗಡಿನ ಒಂದು ಪುಟ್ಟ ಮಾಡು ಬಂತು. ಮೂರು ಕಡೆ ಮುಚ್ಚಿ ಕೆಳಗೆ ಮಾತ್ರ ತೆರೆದದ್ದು, ಗೋಡೆಯಿಂದ ಒಂಬತ್ತು ಇಂಚು ಚಾಚಿದ್ದು. ಚಾಚು ಕಡಿಮೆಯಾದರೆ ಹೊರಹೋಗುವ ಗಾಳಿ ತಗಡಿಗೆ ಬಡಿದು ಹಿಂದಿರುಗುತ್ತದೆ. ತಗಡಿನ ಮೇಲಂಚನ್ನು ಗೋಡೆಗೆ ಒತ್ತಿ ಅಂಟು ಬಳಿಯುವುದು ವಾಡಿಕೆ. ಅದು ಎರಡನೆಯ ಮಳೆಗಾಲಕ್ಕೇ ಬಿಡುತ್ತದೆ. ಇಲ್ಲಿ ಗೋಡೆಯಲ್ಲಿ ಅರ್ಧ ಇಂಚು ಆಳದ ಸೀಳು ಕೊಯ್ದು, ತಗಡಿನ ಮಡಿಚಿದ ಅಂಚನ್ನು ಅದರೊಳಗೆ ತೂರಿಸಿ, ಬಳಿಕ ಸೀಳನ್ನು ಅಂಟಿನಿಂದ ಮುಚ್ಚಿದರು. ಗೋಡೆಯ ಮೇಲಿನಿಂದ ಇಳಿಯುವ ನೀರು ತಗಡಿನ ಮೇಲೆಯೇ ಹರಿದುಹೋಗಬೇಕು. ಮಾಡಿನ ಬಾಯಿಗೆ ಅರ್ಧ ಇಂಚು ಕಣ್ಣಿನ ಜಾಲರಿ, ಅಳಿಲು ಗೂಡು ಕಟ್ಟದಿರಲೆಂದು. ಸೊಳ್ಳೆಬಲೆಯಷ್ಟು ಸಣ್ಣ ಕಣ್ಣಿನದನ್ನು ಹಾಕಿದರೆ ಎಣ್ಣೆಯ ಜಿಡ್ಡು ಕಟ್ಟಿ ಕೆಲವೇ ತಿಂಗಳಲ್ಲಿ ಗಾಳಿ ನಿಲ್ಲುತ್ತದೆ.

ಫ್ಯಾನಿನ ಸಂಪರ್ಕವನ್ನು ಪರವಾನಗಿ ಇರುವ ವಯರ್‌ಮ್ಯಾನ್ ಕೊಟ್ಟರು. ವಯರು ಫ್ಯಾನಿನೊಳಗೆ ಹೋಗುವ ಮೊದಲು ಕೆಳಕ್ಕೆ ಜೋತು ಮತ್ತೆ ಮೇಲೇರುವಂತೆ ಒಂದು ಬಳುಕು ಉಳಿಸಿದರು; ವಯರಿನ ಮೇಲೆ ಹನಿ ಇಳಿದರೂ ಆ ಬಳುಕಿನಲ್ಲಿ ಬೀಳುತ್ತದೆ, ಮೋಟಾರಿಗೆ ಹೋಗುವುದಿಲ್ಲ. ಮುಖ್ಯ ಬೋರ್ಡಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಸೇರಿತು. ಮನೆಯೊಡತಿಯ ಕೈ ಜುಮ್ಮೆಂದ ಮೇಲೂ ಒಂದು ವರ್ಷ ಅದಿಲ್ಲದೆ ಕಳೆದದ್ದು ಇಡೀ ಪ್ರಕರಣದಲ್ಲಿ ಕ್ಷಮೆಗೆ ಅರ್ಹವಲ್ಲದ ಒಂದೇ ಸಂಗತಿ. ಗ್ಯಾಸಿನ ವಾಸನೆ ಬಂದಾಗ ಅದನ್ನು ಹೊರಹಾಕಲೆಂದು ಈ ಫ್ಯಾನಿನ ಸ್ವಿಚ್ ಒತ್ತಬಾರದೆಂದೂ, ಆ ಕಿಡಿಯೇ ಸಾಕೆಂದೂ ವಯರ್‌ಮ್ಯಾನ್ ಎಲ್ಲರನ್ನೂ ನಿಲ್ಲಿಸಿ ಹೇಳಿದರು.

ಪತ್ತನಾಜೆಗೆ ಎರಡು ದಿನ ಮೊದಲು ನೀರಿನ ಪರೀಕ್ಷೆ ನಡೆಯಿತು. ಫ್ಯಾನಿನ ಸಂಪರ್ಕ ತಪ್ಪಿಸಿ, ತೋಟದ ಪೈಪನ್ನು ಹೊರಗಿನಿಂದ ಹಿಡಿದರು. ಅಧ್ಯಾಪಕರು ಮೇಲಿನಿಂದ ನೀರು ಬಿಡಹೊರಟಾಗ ಮೇಸ್ತ್ರಿ ತಡೆದರು. ಮೇಲಿನಿಂದ ಬಿಟ್ಟರೆ ನೀರು ಎಲ್ಲ ಕಡೆಗೂ ಇಳಿಯುವುದರಿಂದ ಸೋರಿದ್ದು ಎಲ್ಲಿಂದ ಎಂದು ತಿಳಿಯುವುದಿಲ್ಲ. ಮೊದಲು ತಳದ ಹಾಸಿಗೆ ಹತ್ತು ನಿಮಿಷ, ಒಳಗೆ ಒಬ್ಬರು ಟಾರ್ಚ್ ಹಿಡಿದು ನೋಡುತ್ತಿರಬೇಕು. ಒಣಗಿಯೇ ಇದ್ದರೆ ಪಕ್ಕಗಳಿಗೆ ಹತ್ತು ನಿಮಿಷ. ಕೊನೆಗೆ ಮಾಡಿನ ಮೇಲಿನ ಗೋಡೆಗೆ.

ತಳ ಗೆದ್ದಿತು, ಪಕ್ಕಗಳೂ ಗೆದ್ದವು. ಮಾಡಿನ ಮೇಲೆ ನೀರು ಬಿಟ್ಟು ಏಳನೆಯ ನಿಮಿಷಕ್ಕೆ ಒಳಗಿನಿಂದ ಮಗಳು ಕೂಗಿದಳು: ಎಡ ಮೇಲ್ಮೂಲೆಯಲ್ಲಿ ಒಂದು ಹೊಳಪು. ಹೊರಗೆ ನೋಡಿದರೆ ತಗಡಿನ ಅಂಚು ಸೀಳಿನೊಳಗೆ ಎಡತುದಿಯಲ್ಲಿ ಪೂರ್ತಿ ಹೋಗಿರಲಿಲ್ಲ. ಅಲ್ಲಿ ಒಂದಿಂಚು ಉದ್ದಕ್ಕೆ ಅಂಟು ಮಾತ್ರ ಇತ್ತು. ಕೊರೆದು, ಒಣಗಿಸಿ, ತಗಡನ್ನು ಒಳಕ್ಕೆ ಬಡಿದು ಮರುದಿನ ಮತ್ತೆ ಮುಚ್ಚಿದರು. ಪತ್ತನಾಜೆಯ ದಿನ ಪುನಃ ಪೈಪು ಹಿಡಿದಾಗ ಮೂಲೆ ಒಣಗಿಯೇ ಇತ್ತು.

ಶಾಲೆ ತೆರೆದ ಮೊದಲ ವಾರ ಮನೆಯ ಯಜಮಾನರು ಬಾಡಿಗೆಗೆಂದು ಬಂದರು. ಹೊರಗೆ ಮಳೆ ಸುರಿಯುತ್ತಿತ್ತು, ಒಳಗೆ ಹಪ್ಪಳ ಕರಿಯುತ್ತಿದ್ದರು. ಅವರು ಕುರ್ಚಿಯೊಂದನ್ನು ಎಳೆದು ಅದರ ಮೇಲೆ ನಿಂತು, ಚೌಕಟ್ಟಿನ ಕೆಳಗಿನ ಗೋಡೆಯ ಮೇಲೆ ಅಂಗೈ ಆಡಿಸಿ ನೋಡಿದರು. ಬಳಿಕ ಕೆಳಗಿಳಿದು, ಉಪ್ಪಳದಲ್ಲಿರುವ ತಮ್ಮ ತಂಗಿಯ ಮನೆಯ ಅಡುಗೆಮನೆಗೂ ಇಂಥದೊಂದು ಬೇಕಿತ್ತು, ಆ ಮೇಸ್ತ್ರಿಯ ನಂಬರ್ ಇದೆಯೇ ಎಂದು ಕೇಳಿದರು.